ಹಬ್ಬ ಸರಿಯಿತು, ಗ್ರಾಫ್ ಬಿತ್ತು: ‘ಹೋದ ವರ್ಷ ಇದೇ ವಾರ’ ಎಂಬ ಸುಳ್ಳು

ಹೋದ ವರ್ಷ, ಅಂದ್ರೆ 2025ರ ದೀಪಾವಳಿ ಮುಗಿದು ಎಂಟತ್ತು ದಿನ ಆಗಿತ್ತು. ಬೈಲಹೊಂಗಲದಲ್ಲಿ ಬಟ್ಟೆ ಅಂಗಡಿ ಇಟ್ಟಿರೋ ನಮ್ಮ ಕಾಕಾ ಫೋನ್ ಮಾಡಿ ಒಮ್ಮೆ ಬಂದು ಹೋಗು ಅಂದ್ರು. ನಾನು ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ಹಾಗಾಗಿ ಮನೆಯಲ್ಲಿ ಕಂಪ್ಯೂಟರ್, ಮೊಬೈಲ್, ಲೆಕ್ಕ ಅಂತ ಏನೇ ತೊಂದರೆ ಬಂದರೂ ಮೊದಲ ಕರೆ ನನಗೇ. ಹೋದೆ. ಗಲ್ಲಾಪೆಟ್ಟಿಗೆ ಪಕ್ಕ ಕೂರಿಸಿಕೊಂಡು ಬಿಲ್ಲಿಂಗ್ ಆ್ಯಪ್ ತೆಗೆದು ತೋರಿಸಿದರು. ‘ಈ ವಾರ’ ಅಂತ ಒಂದು ಕಂಬ, ಪಕ್ಕದಲ್ಲಿ ‘ಹೋದ ವರ್ಷ ಇದೇ ವಾರ’ ಅಂತ ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಎರಡೂವರೆ ಪಟ್ಟು ಎತ್ತರ. ಕೆಳಗೆ ಕೆಂಪು ಬಾಣ.

‘ನೋಡು ತಮ್ಮಾ, ಅರ್ಧಕ್ಕಿಂತ ಕಡಿಮಿ ಆಗೇತಿ. ಮಂದಿ ಎಲ್ಲಾ ಮೊಬೈಲ್‌ನ್ಯಾಗ ಅರಿವಿ ತರಸಾಕತ್ತಾರ. ಹಬ್ಬಕ್ಕಂತ ಇಟ್ಕೊಂಡಿದ್ದ ಇಬ್ಬರು ಹುಡುಗ್ಯಾರನ್ನ ಲಗ್ನದ ಸೀಜನ್ ಮುಗಿಯೂ ಮಟ ಇಟ್ಕೋಬೇಕು ಅಂದಿದ್ದೆ. ಈಗ ಬ್ಯಾಡ ಅನ್ನೂದಾ ಛಲೋ ಏನು?’

ನಾನು ಕೇಳಿದ್ದು ಒಂದೇ ಪ್ರಶ್ನೆ. ‘ಕಾಕಾ, ಹೋದ ವರ್ಷ ಪಾಡ್ಯ ಯಾವತ್ತು ಬಂದಿತ್ತು?’ ಅವರು ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದರು. ಅದು ಈ ವರ್ಷದ್ದು. ಹಳೇದನ್ನು ಯಾರು ಇಟ್ಟಿರ್ತಾರೆ?

2024ರಲ್ಲಿ ಬಲಿಪಾಡ್ಯಮಿ ನವೆಂಬರ್ 2ಕ್ಕೆ ಬಂದಿತ್ತು. 2025ರಲ್ಲಿ ಅಕ್ಟೋಬರ್ 22ಕ್ಕೆ. ಆ್ಯಪ್ ಹೋಲಿಸುತ್ತಿದ್ದದ್ದು ಹಬ್ಬ ಮುಗಿದು ಎಲ್ಲರೂ ಹೊಲ ಸೇರಿದ ವಾರವನ್ನು, ಹಬ್ಬದ ಸಂತೆ ನಡೆದಿದ್ದ ವಾರದ ಜೊತೆ. ಕಾಕಾನ ವ್ಯಾಪಾರ ಬಿದ್ದಿದೆಯೋ ಎದ್ದಿದೆಯೋ ಅನ್ನೋದಕ್ಕೆ ಆ ಕೆಂಪು ಬಾಣದಲ್ಲಿ ಉತ್ತರವೇ ಇರಲಿಲ್ಲ.

ಅವರ ಅಂಗಡಿಯ ನಿಜವಾದ ಲೆಕ್ಕ ಇಲ್ಲಿ ಹಾಕೋದು ಸರಿಯಲ್ಲ. ಬದಲಿಗೆ ಅಂಥದ್ದೇ ಒಂದು ಅಂಗಡಿ ಊಹಿಸಿಕೊಳ್ಳೋಣ. ಮಾಮೂಲಿ ದಿನ 30 ಸಾವಿರ ರೂಪಾಯಿ ವ್ಯಾಪಾರ. ಪಾಡ್ಯಕ್ಕೆ ಮುಂಚಿನ ಹತ್ತು ದಿನ ಮಾತ್ರ ದಿನಕ್ಕೆ 1 ಲಕ್ಷ. ಪಾಡ್ಯದ ದಿನದಿಂದ ಮತ್ತೆ 30 ಸಾವಿರ. ಮುಖ್ಯವಾದ ಷರತ್ತು ಏನಂದ್ರೆ, ಎರಡೂ ವರ್ಷ ವ್ಯಾಪಾರ ಹೀಗೇ ಇದೆ. ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ.

2024ರಲ್ಲಿ ಆ ಹತ್ತು ದಿನ ಅಂದ್ರೆ ಅಕ್ಟೋಬರ್ 23ರಿಂದ ನವೆಂಬರ್ 1. 2025ರಲ್ಲಿ ಅಕ್ಟೋಬರ್ 12ರಿಂದ 21. ಈಗ ಸೋಮವಾರದಿಂದ ಭಾನುವಾರದ ತನಕ ಒಂದು ವಾರ ಅಂತ ಹಿಡಿದು, ವರ್ಷದ 42ನೇ ವಾರಕ್ಕೆ ಬನ್ನಿ. 2025ರಲ್ಲಿ ಅದು ಅಕ್ಟೋಬರ್ 13ರಿಂದ 19: ಏಳೂ ದಿನ ಹಬ್ಬದ ಸಂತೆ, 7 ಲಕ್ಷ. 2024ರಲ್ಲಿ ಅದೇ ವಾರ ಅಕ್ಟೋಬರ್ 14ರಿಂದ 20: ಏಳೂ ದಿನ ಮಾಮೂಲಿ, 2 ಲಕ್ಷ 10 ಸಾವಿರ. ಗ್ರಾಫ್ ಹೇಳೋದು ಶೇ 233 ಏರಿಕೆ! ಮುಂದಿನ ವಾರ, 43ನೇದು: ಈ ಸಲ ಎರಡು ದಿನ ಮಾತ್ರ ಹಬ್ಬದ ವ್ಯಾಪಾರ, ಒಟ್ಟು 3.5 ಲಕ್ಷ, ಹೋದ ಸಲ ಐದು ದಿನ, 5.6 ಲಕ್ಷ. ಶೇ 37.5 ಕುಸಿತ. 44ನೇ ವಾರ, ಅಂದ್ರೆ ಕಾಕಾ ನನಗೆ ತೋರಿಸಿದ ವಾರ: ಈ ಸಲ 2.1 ಲಕ್ಷ, ಹೋದ ಸಲ 5.6 ಲಕ್ಷ. ಶೇ 62.5 ಕುಸಿತ.

ಈಗ ಒಂದು ವಾರ ಹಿಂದಕ್ಕೆ ಹೋಗಿ 41ರಿಂದ 44ರವರೆಗೆ ನಾಲ್ಕೂ ವಾರ ಕೂಡಿಸಿ. 2024ರಲ್ಲಿ 15.4 ಲಕ್ಷ. 2025ರಲ್ಲಿ 15.4 ಲಕ್ಷ. ವ್ಯಾಪಾರ ಇದ್ದಲ್ಲೇ ಇದೆ. ಅದು ಒಂದು ವಾರದಿಂದ ಇನ್ನೊಂದು ವಾರಕ್ಕೆ ಜಾಗ ಬದಲಾಯಿಸಿದೆ, ಅಷ್ಟೇ.

ಇದಕ್ಕಿಂತ ಮೋಸದ ಇನ್ನೊಂದು ಗ್ರಾಫ್ ಇದೆ. ದಿನಾ ತಾನೇ ಅಪ್‌ಡೇಟ್ ಆಗುವ, ‘ತಿಂಗಳ ಮೊದಲಿಂದ ಇವತ್ತಿನವರೆಗೆ’ ಅನ್ನುವ ಹೋಲಿಕೆ. ಅದೇ ಊಹೆಯ ಅಂಗಡಿಯಲ್ಲಿ 2025ರ ಅಕ್ಟೋಬರ್ 21ರ ರಾತ್ರಿ ಫೋನ್ ತೆಗೆದರೆ ಈ ವರ್ಷ 13.3 ಲಕ್ಷ, ಹೋದ ವರ್ಷ ಅದೇ ದಿನದ ತನಕ 6.3 ಲಕ್ಷ ಅಂತ ಕಾಣುತ್ತೆ. ವ್ಯಾಪಾರ ಡಬಲ್‌ಗಿಂತ ಜಾಸ್ತಿ, ಶೇ 111 ಏರಿಕೆ. ಹತ್ತು ದಿನ ಬಿಟ್ಟು ಅಕ್ಟೋಬರ್ 31ಕ್ಕೆ ಅದೇ ಗ್ರಾಫ್ ನೋಡಿ: 16.3 ಲಕ್ಷ, ಹೋದ ವರ್ಷ 15.6 ಲಕ್ಷ. ಏರಿಕೆ ಶೇ 4.5ಕ್ಕೆ ಇಳಿದಿದೆ. ಆ ಉಳಿದ 4.5 ಕೂಡ ನಿಜವಲ್ಲ, ಹೋದ ವರ್ಷದ ಒಂದು ಹಬ್ಬದ ದಿನ ನವೆಂಬರ್ 1ಕ್ಕೆ ಜಾರಿದ್ದರ ಫಲ. 21ನೇ ತಾರೀಖಿನ ಸ್ಕ್ರೀನ್‌ಶಾಟ್ ಒಬ್ಬರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ‘ಮಾರುಕಟ್ಟೆ ಚಿಗುರಿದೆ’ ಅಂತ ಓಡಾಡುತ್ತೆ. 44ನೇ ವಾರದ ಸ್ಕ್ರೀನ್‌ಶಾಟ್ ಇನ್ನೊಬ್ಬರ ಗ್ರೂಪಿನಲ್ಲಿ ‘ಜನರ ಕೈಯಲ್ಲಿ ದುಡ್ಡಿಲ್ಲ’ ಅಂತ ಓಡಾಡುತ್ತೆ. ಇಬ್ಬರೂ ಅಂಕಿ ತಿದ್ದಿಲ್ಲ.

ಹಬ್ಬ ಹೀಗೆ ಯಾಕೆ ಓಡಾಡುತ್ತೆ ಅನ್ನೋದು ಗೊತ್ತಿದ್ದರೆ ಗ್ರಾಫ್ ಯಾವ ಕಡೆ ಜಾರುತ್ತೆ ಅನ್ನೋದನ್ನು ಮೊದಲೇ ಹೇಳಬಹುದು. ನಮ್ಮ ಪಂಚಾಂಗದ ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ. ಗೋಡೆ ಕ್ಯಾಲೆಂಡರಿನ ವರ್ಷ 365. ಹಾಗಾಗಿ ಹಬ್ಬ ಪ್ರತಿವರ್ಷ ಹನ್ನೊಂದು ದಿನದಷ್ಟು ಹಿಂದಕ್ಕೆ ಬರುತ್ತೆ. ಹೀಗೇ ಬಿಟ್ಟರೆ ದೀಪಾವಳಿ ಮಳೆಗಾಲಕ್ಕೆ ಬಂದುಬಿಡುತ್ತೆ ಅಂತ ಎರಡು–ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸ್ತಾರೆ. ಆಗ ಒಮ್ಮೆಲೇ ಹತ್ತೊಂಬತ್ತು ದಿನದಷ್ಟು ಮುಂದಕ್ಕೆ ಹಾರುತ್ತೆ. ಪಾಡ್ಯವನ್ನೇ ನೋಡಿ: 2022ರಲ್ಲಿ ಅಕ್ಟೋಬರ್ 26, 2023ರಲ್ಲಿ ಅಧಿಕ ಶ್ರಾವಣ ಬಂದಿದ್ದರಿಂದ ನವೆಂಬರ್ 14, ಆಮೇಲೆ ನವೆಂಬರ್ 2, ಅಕ್ಟೋಬರ್ 22. ಎರಡು ಹೆಜ್ಜೆ ಹಿಂದೆ, ಒಂದು ಜಿಗಿತ ಮುಂದೆ.

ವಾರ, ತಿಂಗಳು ಬಿಡಿ, ಇಡೀ ಹಣಕಾಸು ವರ್ಷವೇ ಈ ಆಟಕ್ಕೆ ಸಿಗುತ್ತೆ. ಯುಗಾದಿ ಮಾರ್ಚ್–ಏಪ್ರಿಲ್ ನಡುವಿನ ಗೆರೆಯ ಆಚೀಚೆ ಆಡುವ ಹಬ್ಬ. 2022–23ರ ಹಣಕಾಸು ವರ್ಷದಲ್ಲಿ ಎರಡು ಯುಗಾದಿ ಬಂದಿದ್ದವು, ಏಪ್ರಿಲ್ 2 ಮತ್ತು ಮಾರ್ಚ್ 22. 2023–24ರಲ್ಲಿ ಒಂದೂ ಇರಲಿಲ್ಲ. 2024–25ರಲ್ಲಿ ಮತ್ತೆ ಎರಡು, ಏಪ್ರಿಲ್ 9 ಮತ್ತು ಮಾರ್ಚ್ 30. ಯುಗಾದಿಗೆ ಬೈಕ್ ಡೆಲಿವರಿ ಕೊಡುವ ರಾಮದುರ್ಗದ ಶೋರೂಮ್ ಮಾಲೀಕನ ವಾರ್ಷಿಕ ಲೆಕ್ಕ ನೋಡುವಾಗ ಇದು ನೆನಪಿರಬೇಕು.

ಬೈಕ್ ಅಂದ ಮೇಲೆ ನನ್ನದೇ ಒಂದು ಎಡವಟ್ಟು ಹೇಳಿಬಿಡ್ತೀನಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಇಳಿಯಿತು. 350 ಸಿಸಿ ಒಳಗಿನ ಬೈಕ್, ಸಣ್ಣ ಕಾರುಗಳ ತೆರಿಗೆ ಶೇ 28ರಿಂದ 18ಕ್ಕೆ ಬಂತು, ಟ್ರ್ಯಾಕ್ಟರ್ ತೆರಿಗೆ ಶೇ 12ರಿಂದ 5ಕ್ಕೆ. ಒಬ್ಬ ಪರಿಚಯದ ಡೀಲರ್ ಹತ್ತಿರ ಸೆಪ್ಟೆಂಬರ್ 22ರಿಂದ 30ರ ಬುಕಿಂಗ್ ಇಸಕೊಂಡು, ಹೋದ ವರ್ಷದ ಅದೇ ಒಂಬತ್ತು ದಿನದ ಜೊತೆ ಹೋಲಿಸಿ ಗ್ರಾಫ್ ಮಾಡಿ ಹಾಕಿದೆ. ಕಂಬ ಆಕಾಶಕ್ಕೆ ಹೋಗಿತ್ತು. ಅರ್ಧ ಗಂಟೆಯಲ್ಲಿ ಸವದತ್ತಿ ಕಡೆಯ ಓದುಗರೊಬ್ಬರು ಒಂದು ಸಾಲು ಬರೆದರು: ‘ಸರ್, ಹೋದ್ ವರ್ಷ ಆವಾಗ ಪಿತೃಪಕ್ಷ ಇತ್ತಲ್ರಿ?’

ಇತ್ತು. 2024ರಲ್ಲಿ ಮಹಾಲಯ ಅಮಾವಾಸ್ಯೆ ಬಂದದ್ದು ಅಕ್ಟೋಬರ್ 2ಕ್ಕೆ. ಅಂದ್ರೆ ಆ ಒಂಬತ್ತೂ ದಿನ ಪಿತೃಪಕ್ಷ. ನಮ್ಮ ಕಡೆ ಆ ದಿನಗಳಲ್ಲಿ ಹೊಸ ಗಾಡಿ ಮನೆಗೆ ತರೋರು ಬಹಳ ಕಡಿಮೆ. 2025ರ ಅದೇ ಒಂಬತ್ತು ದಿನ ನವರಾತ್ರಿ. ಜಿಎಸ್‌ಟಿ ಇಳಿದ ದಿನವೇ ಘಟಸ್ಥಾಪನೆ. ತೆರಿಗೆ ಒಂದು ಪೈಸೆ ಇಳಿಯದಿದ್ದರೂ ನನ್ನ ಗ್ರಾಫ್ ಮೇಲೇ ಹೋಗುತ್ತಿತ್ತು. ಪೋಸ್ಟ್ ಅಳಿಸಿ ತಪ್ಪು ಒಪ್ಪಿಕೊಂಡೆ. ಅಷ್ಟರಲ್ಲಿ ಅದರ ಸ್ಕ್ರೀನ್‌ಶಾಟ್ ನನಗಿಂತ ಹೆಚ್ಚು ಊರು ಸುತ್ತಿತ್ತು.

ವಾಹನ ಡೀಲರ್‌ಗಳ ರಾಷ್ಟ್ರೀಯ ಒಕ್ಕೂಟ ಫಾಡಾ ಇದನ್ನು ಹೇಗೆ ಮಾಡುತ್ತೆ ನೋಡಿ. ಅವರು ವಾಹನ ನೋಂದಣಿಯ ಅಂಕಿ ಹಿಡಿದು ಪ್ರತಿ ತಿಂಗಳು ವರದಿ ಕೊಡ್ತಾರೆ. 2025ರ ಸೆಪ್ಟೆಂಬರ್ ಇಡೀ ತಿಂಗಳ ಏರಿಕೆ ಸುಮಾರು ಶೇ 5. ಅಕ್ಟೋಬರ್ ಏರಿಕೆ ಶೇ 40ರ ಮೇಲೆ. ನವೆಂಬರ್ ಶೇ 2ರ ಆಸುಪಾಸು. ಒಂದೇ ದೇಶ, ಒಂದೇ ತೆರಿಗೆ, ಮೂರು ತಿಂಗಳಲ್ಲಿ ಮೂರು ಕತೆ. ಹೋದ ವರ್ಷ ಧನತ್ರಯೋದಶಿ ಅಕ್ಟೋಬರ್ 29, ಪಾಡ್ಯ ನವೆಂಬರ್ 2 ಆಗಿದ್ದರಿಂದ ದೀಪಾವಳಿಯ ಎಷ್ಟೋ ಗಾಡಿಗಳ ನೋಂದಣಿ ನವೆಂಬರ್‌ಗೆ ಬಿದ್ದಿತ್ತು. ಈ ಸಲ ಎಲ್ಲಾ ಅಕ್ಟೋಬರ್ ಒಳಗೇ ಮುಗೀತು. ಆದರೆ ಫಾಡಾ ಇನ್ನೊಂದು ಲೆಕ್ಕವನ್ನೂ ಕೊಡುತ್ತೆ: ನವರಾತ್ರಿಯ ಮೊದಲ ದಿನದಿಂದ ಧನತ್ರಯೋದಶಿ ಕಳೆದು ಹದಿನೈದು ದಿನದವರೆಗೆ, ಒಟ್ಟು 42 ದಿನ. 2024ರಲ್ಲಿ ಅದು ಅಕ್ಟೋಬರ್ 3ರಿಂದ ನವೆಂಬರ್ 13. 2025ರಲ್ಲಿ ಸೆಪ್ಟೆಂಬರ್ 22ರಿಂದ ನವೆಂಬರ್ 2. ಕ್ಯಾಲೆಂಡರ್ ಬಿಟ್ಟು ಹಬ್ಬಕ್ಕೆ ಹಬ್ಬ ಹೊಂದಿಸಿದಾಗ ಏರಿಕೆ ಶೇ 21. ಇದು 5ಕ್ಕಿಂತ ದೊಡ್ಡದು, 40ರ ಅರ್ಧ. ವಾದ ಮಾಡೋದಾದರೆ ಈ ಸಂಖ್ಯೆ ಇಟ್ಟುಕೊಂಡು ಮಾಡಬೇಕು.

ಹಾಗಂತ ಶೇ 21 ಪೂರ್ತಿ ಜಿಎಸ್‌ಟಿ ಕಡಿತದ ಪುಣ್ಯ ಅಂತಲೂ ಅಲ್ಲ. ದರ ಇಳಿಯುತ್ತೆ ಅಂತ ಪ್ರಧಾನಿ ಹೇಳಿದ್ದು ಆಗಸ್ಟ್ 15ಕ್ಕೆ. ಅಲ್ಲಿಂದ ಐದು ವಾರ ಎಷ್ಟೋ ಜನ ಗಾಡಿ ತಗೊಳ್ಳದೇ ಕಾದರು. ಆ ತಡೆಹಿಡಿದ ಖರೀದಿ ಸೇರಿ ನವರಾತ್ರಿಗೆ ಬಂತು. ಹಬ್ಬ ಹೊಂದಿಸಿದರೆ ಪಂಚಾಂಗದ ಗದ್ದಲ ಮಾತ್ರ ಹೋಗುತ್ತೆ. ಉಳಿದ ಕಾರಣಗಳನ್ನು ಬಿಡಿಸೋ ಕೆಲಸ ಹಾಗೇ ಇರುತ್ತೆ.

ಈಗ ಸವದತ್ತಿಗೆ ಹೋಗೋಣ, ಯಾಕಂದ್ರೆ ಅಲ್ಲಿ ಇದೇ ಪ್ರಶ್ನೆ ಇನ್ನೂ ರಾಜಕೀಯದ್ದು. ಎಲ್ಲಮ್ಮನ ಗುಡ್ಡದ ಜಾತ್ರೆ ನಡೆಯೋದು ಹುಣ್ಣಿಮೆ ಲೆಕ್ಕದಲ್ಲಿ: ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ದವನದ ಹುಣ್ಣಿಮೆ. ಬಸ್ಸು, ಲಾಡ್ಜು, ಭಂಡಾರ–ಕುಂಕುಮದ ಅಂಗಡಿ, ಬಳೆ ಅಂಗಡಿ, ಎಲ್ಲದರ ಗ್ರಾಫಿಗೂ ಚಂದ್ರನೇ ಯಜಮಾನ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಬಸ್ ಉಚಿತವಾಯಿತು. ‘ಶಕ್ತಿಯಿಂದ ಗುಡ್ಡಕ್ಕೆ ಜನ ಹೆಚ್ಚಾದರಾ?’ ಅಂತ ತಿಳಿಯೋಕೆ ಯಾರಾದರೂ 2024ರ ಫೆಬ್ರವರಿಯನ್ನು 2023ರ ಫೆಬ್ರವರಿ ಜೊತೆ ಹೋಲಿಸ್ತಾರೆ ಅಂದುಕೊಳ್ಳಿ. ಒಂದು ಶಕ್ತಿಗೆ ಮೊದಲು, ಒಂದು ನಂತರ. ಮೇಲ್ನೋಟಕ್ಕೆ ಸರಿಯಾಗೇ ಇದೆ.

ಆದರೆ ಭಾರತ ಹುಣ್ಣಿಮೆ 2023ರಲ್ಲಿ ಫೆಬ್ರವರಿ 5, 2024ರಲ್ಲಿ ಫೆಬ್ರವರಿ 24. ನಡುವೆ ಆ ಅಧಿಕ ಶ್ರಾವಣ ಬಂದು ಹೋಗಿತ್ತಲ್ಲ, ಹತ್ತೊಂಬತ್ತು ದಿನದ ಜಿಗಿತ. ಮೊದಲ ವಾರ ಹೋಲಿಸಿದರೆ 2024ರಲ್ಲಿ ಗುಡ್ಡ ಖಾಲಿ, ‘ಉಚಿತ ಬಸ್ಸಿಂದ ಏನೂ ಆಗಲಿಲ್ಲ’. ನಾಲ್ಕನೇ ವಾರ ಹೋಲಿಸಿದರೆ ಜನಸಾಗರ, ‘ಶಕ್ತಿಯ ಪವಾಡ’. ಇಡೀ ತಿಂಗಳು ತಗೊಂಡರೂ ಬಚಾವಾಗಲ್ಲ. ಜಾತ್ರೆ ಜನ ಹುಣ್ಣಿಮೆ ದಿನವೇ ಬಂದು ಅವತ್ತೇ ಹೋಗೋರಲ್ಲ. ಮುಂಚಿನಿಂದಲೇ ಬಂಡಿ, ಟ್ರ್ಯಾಕ್ಟರ್ ಹೂಡಿಕೊಂಡು ಬಂದು ಇಳೀತಾರೆ. ಹಾಗಾಗಿ 2023ರ ಜಾತ್ರೆಯ ಒಂದು ಪಾಲು ಜನವರಿ ಕೊನೆಯ ಲೆಕ್ಕಕ್ಕೆ ಹೋಗಿರುತ್ತೆ, 2024ರದ್ದು ಪೂರ್ತಿ ಫೆಬ್ರವರಿಯಲ್ಲೇ ಇರುತ್ತೆ. ಮೇಲಾಗಿ 2024ರ ಫೆಬ್ರವರಿಗೆ 29 ದಿನ. ಸರಿಯಾದ ಹೋಲಿಕೆ ಬೇಕಂದ್ರೆ ಹುಣ್ಣಿಮೆಗೆ ಮುಂಚೆ ಏಳು ದಿನ, ನಂತರ ಐದು ದಿನ ಅಂತ ಎರಡೂ ವರ್ಷ ಒಂದೇ ಅಳತೆಯ ಕಿಟಕಿ ತೆಗೀಬೇಕು. ಆಗಲೂ ಬಸ್ ಟಿಕೆಟ್ ಎಣಿಸಿ ಭಕ್ತರನ್ನು ಎಣಿಸಿದೆ ಅಂದುಕೊಳ್ಳಬಾರದು. ಮೊದಲು ಟೆಂಪೋದಲ್ಲಿ ಬರುತ್ತಿದ್ದ ಅಜ್ಜಿ ಈಗ ಬಸ್ಸಿಗೆ ಬಂದರೆ ಬಸ್ಸಿನ ಲೆಕ್ಕ ಏರುತ್ತೆ, ಗುಡ್ಡದ ಮೇಲಿನ ಜನ ಅಷ್ಟೇ ಇರ್ತಾರೆ.

ಇದಕ್ಕೆ ಉಲ್ಟಾ ಆಗಿರೋದು ಕಿತ್ತೂರು. ಕಿತ್ತೂರು ಉತ್ಸವ ಚಂದ್ರನಿಗೆ ಕಾಯಲ್ಲ. 1824ರ ಅಕ್ಟೋಬರ್ 23ರ ವಿಜಯದ ನೆನಪಿಗೆ ಪ್ರತಿ ವರ್ಷ ಅಕ್ಟೋಬರ್ 23ರಿಂದ 25. ತಾರೀಖು ಗಟ್ಟಿ, ಹಾಗಾಗಿ ಇಲ್ಲಾದರೂ ‘ಹೋದ ವರ್ಷ ಇದೇ ದಿನ’ ಅನ್ನೋದು ನಡೆಯಬೇಕಲ್ಲ? ನಡೆಯಲ್ಲ. ಉತ್ಸವ ನಿಂತಲ್ಲೇ ನಿಂತಿದ್ದರೂ ಅದರ ಸುತ್ತ ಹಬ್ಬಗಳು ಓಡಾಡುತ್ತವೆ. 2022ರಲ್ಲಿ ದೀಪಾವಳಿ ಉತ್ಸವದ ಮೇಲೇ ಬಂತು. 2023ರಲ್ಲಿ ವಿಜಯದಶಮಿ ಅಕ್ಟೋಬರ್ 24ಕ್ಕೆ. 2024ರಲ್ಲಿ ದಸರಾ ಮುಗಿದು ದೀಪಾವಳಿ ಇನ್ನೂ ಬಾರದ ನಡುವಿನ ಖಾಲಿ ಜಾಗ. 2025ರಲ್ಲಿ ಪಾಡ್ಯದ ಮರುದಿನವೇ ಉತ್ಸವ. ಆ ಮೂರು ದಿನ ಕಿತ್ತೂರಿನ ಹೋಟೆಲ್ಲಿನ ವ್ಯಾಪಾರ ವರ್ಷ ವರ್ಷ ಏರಿಳಿದರೆ ಅದು ಉತ್ಸವದ ಯಶಸ್ಸೋ, ಊರಿಗೆ ಹಬ್ಬಕ್ಕೆ ಬಂದವರ ಜೇಬೋ, ಬೇರ್ಪಡಿಸೋದು ಕಷ್ಟ.

ಕಾಕಾನಿಗೆ ನಾನು ಮಾಡಿಕೊಟ್ಟದ್ದು ದೊಡ್ಡ ವಿದ್ಯೆಯೇನಲ್ಲ. ಆ್ಯಪ್‌ನಿಂದ ಎರಡೂ ವರ್ಷದ ದಿನದ ಲೆಕ್ಕವನ್ನು ಶೀಟಿಗೆ ಇಳಿಸಿ, ತಾರೀಖಿನ ಪಕ್ಕ ಒಂದು ಹೊಸ ಕಾಲಂ ಹಾಕಿದೆ: ಪಾಡ್ಯಕ್ಕೆ ಎಷ್ಟು ದಿನ ಮುಂಚೆ, ಎಷ್ಟು ದಿನ ನಂತರ.

```
=A2-DATE(2025,10,22)
```

2024ರ ಸಾಲುಗಳಿಗೆ ಅದೇ ಸೂತ್ರ, ತಾರೀಖು ಮಾತ್ರ `DATE(2024,11,2)`. ಈಗ −10 ಎಂಬ ದಿನ ಎರಡೂ ವರ್ಷ ಪಾಡ್ಯಕ್ಕೆ ಹತ್ತು ದಿನ ಮುಂಚಿನದೇ. ಆ ಕಾಲಂ ಮೇಲೆ ಗ್ರಾಫ್ ಎಳೆದರೆ ಎರಡು ಗುಡ್ಡಗಳು ಒಂದರ ಮೇಲೊಂದು ಕೂರುತ್ತವೆ, ನಿಜವಾದ ವ್ಯತ್ಯಾಸ ಇದ್ದರೆ ಆಗ ಕಾಣುತ್ತೆ. ಇದಕ್ಕೂ ಪುರುಸೊತ್ತಿಲ್ಲದವರು ಹಳೇ ಹಬ್ಬ, ಹೊಸ ಹಬ್ಬ ಎರಡೂ ಒಳಗೆ ಬರುವಷ್ಟು ಅಗಲದ ಅವಧಿ ಕೂಡಿಸಿ ನೋಡಬಹುದು. ನಮ್ಮಲ್ಲಿ ಸೆಪ್ಟೆಂಬರ್ 15ರಿಂದ ನವೆಂಬರ್ 30ರವರೆಗೆ ತಗೊಂಡರೆ ನವರಾತ್ರಿ, ದೀಪಾವಳಿ ಎರಡೂ ಬಹುತೇಕ ಹೊರಗೆ ಜಾರಲ್ಲ.

ಒಂದು ತೊಂದರೆ ಉಳಿಯುತ್ತೆ, ಅದನ್ನು ಕಾಕಾನೇ ಹಿಡಿದರು. 2024ರ ಪಾಡ್ಯ ಶನಿವಾರ, 2025ರದ್ದು ಬುಧವಾರ. ಹಬ್ಬ ಹೊಂದಿಸಿದ ಕೂಡಲೇ ವಾರ ತಪ್ಪುತ್ತೆ. ‘ಸಂತಿ ದಿನಾ ಹಳ್ಳಿ ಮಂದಿ ಬರ್ತಾರ, ಉಳದ ದಿನಾ ಊರ ಮಂದಿ. ನಿನ್ನ ಮೈನಸ್ ಮೂರು ಹೋದ ವರ್ಷ ಬುಧವಾರ, ಈ ವರ್ಷ ಆದಿತ್ಯವಾರ. ಒಂದಾ ಹೆಂಗಾದಾವು?’ ಅವರು ಹೇಳಿದ್ದು ನಿಜ. ಅದಕ್ಕೆ ಒಂದೊಂದು ದಿನ ಹೋಲಿಸದೆ ಏಳೇಳು ದಿನ ಕೂಡಿಸಿ ಹೋಲಿಸಿದೆವು. ಏಳು ದಿನದಲ್ಲಿ ಎಲ್ಲಾ ವಾರವೂ ಒಮ್ಮೊಮ್ಮೆ ಬಂದೇ ಬರುತ್ತೆ. ಇನ್ನೊಂದು ಮಾತನ್ನೂ ಅವರು ಸೇರಿಸಿದರು. ದೀಪಾವಳಿ ಮುಂಚೆ ಬಂದರೆ ಹತ್ತಿ ಇನ್ನೂ ಹೊಲದಲ್ಲೇ ಇರುತ್ತೆ, ರೈತರ ಕೈಗೆ ರೊಕ್ಕ ಬಂದಿರಲ್ಲ. ತಡವಾಗಿ ಬಂದರೆ ಬಂದಿರುತ್ತೆ. ಅಂದ್ರೆ ಹಬ್ಬ ಸರಿದಾಗ ವ್ಯಾಪಾರ ಬರೀ ಜಾಗ ಬದಲಿಸಲ್ಲ, ಒಮ್ಮೊಮ್ಮೆ ಗಾತ್ರವನ್ನೂ ಬದಲಿಸುತ್ತೆ. ಇದನ್ನು ನನ್ನ ಕಾಲಂ ಸರಿಮಾಡಲ್ಲ. ಬೈಲಹೊಂಗಲದ ಬಟ್ಟೆ ಅಂಗಡಿಯವರಿಗೆ ಗೊತ್ತಿರೋದು ಆ್ಯಪ್ ಬರೆದವರಿಗೆ ಗೊತ್ತಿರಲ್ಲ.

ಹೊಂದಿಸಿದ ಗ್ರಾಫಿನಲ್ಲಿ ಕಾಕಾನ ಎರಡು ಗುಡ್ಡಗಳ ನಡುವೆ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ಹುಡುಗಿಯರಿಬ್ಬರೂ ಲಗ್ನದ ಸೀಜನ್ ಮುಗಿಯುವ ತನಕ ಕೆಲಸದಲ್ಲಿದ್ದರು.

ಈ ವರ್ಷ, 2026ರಲ್ಲಿ, ಅಧಿಕ ಜ್ಯೇಷ್ಠ ಇದೆ, ಮೇ 17ರಿಂದ ಜೂನ್ 15. ಅಂದ್ರೆ ಮತ್ತೆ ಹತ್ತೊಂಬತ್ತು ದಿನದ ಜಿಗಿತ. ನವರಾತ್ರಿ ಶುರುವಾಗೋದು ಅಕ್ಟೋಬರ್ 11ಕ್ಕೆ, ದೀಪಾವಳಿ ಅಮಾವಾಸ್ಯೆ ನವೆಂಬರ್ 8ರ ಹೊತ್ತಿಗೆ. ಸೆಪ್ಟೆಂಬರ್ ಕೊನೆಯ ದಿನಗಳು ಪಿತೃಪಕ್ಷ, ಅವುಗಳ ಪಕ್ಕ ನಿಲ್ಲೋದು ಹೋದ ವರ್ಷದ ನವರಾತ್ರಿ, ಅದೂ ಜಿಎಸ್‌ಟಿ ಇಳಿದ ನವರಾತ್ರಿ. ‘ಒಂದೇ ವರ್ಷಕ್ಕೆ ಕರಗಿದ ಜಿಎಸ್‌ಟಿ ಕಡಿತ’ ಅನ್ನೋ ಹೆಡ್‌ಲೈನ್ ಆಗ ಬರುತ್ತೆ. ಅಕ್ಟೋಬರ್ ಮೂರನೇ ವಾರ ಕಾಕಾನ ಫೋನ್ ಮತ್ತೆ ಕೆಂಪಾಗುತ್ತೆ, ನವೆಂಬರ್ ಮೊದಲ ವಾರ ಹಸಿರಾಗುತ್ತೆ. ಹಳೇ ಕ್ಯಾಲೆಂಡರನ್ನು ಈ ಸಲ ಅವರು ಬಿಸಾಡಿಲ್ಲ, ಹೊಸದರ ಹಿಂದೆ ಅದೇ ಮೊಳೆಗೆ ಸಿಕ್ಕಿಸಿ ಇಟ್ಟಿದ್ದಾರೆ.